40 ಎಚ್‌ಪಿ ಖಾರದ ಮಿಲ್ಲಿಗೆ ಎಷ್ಟು ಕೆವಿಎಆರ್ ಕೆಪಾಸಿಟರ್ ಹಾಕಬೇಕ್ರಿ?

ಕೆಂಪುಖಾರ, ಬ್ಯಾಡಗಿ

ಎಲ್ಲಾರಿಗೂ ನಮಸ್ಕಾರ್ರಿ. ಬ್ಯಾಡಗಿಯೊಳಗ ನಮ್ದೊಂದು ಮೆಣಸಿನಕಾಯಿ ಪುಡಿ ಮಾಡೋ ಮಿಲ್ ಐತಿ. ಒಂದು 20 ಎಚ್‌ಪಿ ಪಲ್ವರೈಸರ್, ಒಂದು 15 ಎಚ್‌ಪಿ ಪಲ್ವರೈಸರ್, ಮತ್ತ ಜರಡಿಗೆ ಒಂದು 5 ಎಚ್‌ಪಿ ಮೋಟಾರ್. ಮೂರೂ ಹಳೇವು. 20 ಎಚ್‌ಪಿದು ಎರಡು ಸಲ ರಿವೈಂಡಿಂಗ್ ಆಗೈತಿ.

ಹೋದ ತಿಂಗಳ ಬಿಲ್ಲಿನ್ಯಾಗ 4,800 ಯೂನಿಟ್ ಬಂದೈತಿ, ಪವರ್ ಫ್ಯಾಕ್ಟರ್ 0.76 ಅಂತ ತೋರಿಸ್ಯಾರ. ಮಿತಿ 0.85. 9 ಪಾಯಿಂಟ್ ಕಡಿಮಿ, ಪಾಯಿಂಟಿಗೆ 3 ಪೈಸೆದಂಗ ಯೂನಿಟ್ಟಿಗೆ 27 ಪೈಸೆ ದಂಡ. ಒಟ್ಟು 1,296 ರೂಪಾಯಿ. ತಿಂಗಳಾ ಹಿಂಗ ಕಟ್ಕೋತ ಕುಂತೇನಿ.

ನಮ್ಮ ವೈರ್‌ಮನ್ ಬಂದು ಮೀಟರ್ ಹಚ್ಚಿ ನೋಡಿದಾಗ ಎರಡೂ ಪಲ್ವರೈಸರ್ ಲೋಡ್ ಮ್ಯಾಲ ಓಡ್ತಿದ್ವು, ಆಗ 0.84 ಬಂತು. "ನಿಮ್ಮ ಮೋಟಾರ್ ಚಲೋ ಅದಾವ, ಬಿಲ್ ತಪ್ಪೈತಿ" ಅಂದ ಹೋದ. ಅಂಗಡ್ಯಾವ 25 ಕೆವಿಎಆರ್ ಒಯ್ಯಿ ಅಂತಾನ. ಇನ್ನೊಬ್ರು 10 ಸಾಕು ಅಂತಾರ. ಯಾರ ಮಾತು ಕೇಳ್ಲಿ? 0.95ರ ತನಕ ಏರಿಸಿದ್ರ ಸಾಕು ನನಗ.

ವೈರಿಂಗ್ ಅಣ್ಣ, ರಾಣೆಬೆನ್ನೂರು

ಯಜಮಾನ್ರ, ಇದಕ್ಕ ಅಷ್ಟ ತಲಿ ಕೆಡಿಸ್ಕೋಬ್ಯಾಡ್ರಿ. 25 ತಂದು ಮೇನ್ ಬೋರ್ಡಿಗೆ ಹಾಕಿಬಿಡ್ರಿ. ಪವರ್ ಫ್ಯಾಕ್ಟರ್ ಸೀದಾ 1ಕ್ಕ ಹೋಗಿ ಕುಂದರ್ತೈತಿ. ನಾನು ನಾಕ್ ಅಕ್ಕಿ ಗಿರಣಿಗೆ ಹಂಗ ಮಾಡಿಕೊಟ್ಟೇನಿ.

ಮಗ್ಗದ ಮನಿ, ಬೆಟಗೇರಿ

ಎಚ್‌ಪಿಯ ಮೂರನೇ ಒಂದು ಭಾಗ ಅಂತ ನಮ್ಮ ಕಡೆ ಲೆಕ್ಕ. 40ಕ್ಕ 13 ಚಿಲ್ಲರ. ನಮ್ಮಪ್ಪನ ಕಾಲದಿಂದ ಇದ ನಡದೈತಿ.

ಇಇಇ ಹುಡುಗಿ, ಧಾರವಾಡ

ಸರ್, ನಾನು ಡಿಪ್ಲೊಮಾ ಕೊನೆಯ ವರ್ಷ. ನಮಗೆ ಕಾಲೇಜಿನಲ್ಲಿ ಕಲಿಸಿದ ಸೂತ್ರ ಇದು:

```
Qc = P × (tan φ1 − tan φ2)
```

ಮೊಬೈಲಿನ ಸೈಂಟಿಫಿಕ್ ಕ್ಯಾಲ್ಕುಲೇಟರ್‌ನಲ್ಲಿ `tan(acos(0.76))` ಹೊಡೆದರೆ 0.855 ಬರುತ್ತದೆ, `tan(acos(0.95))` ಹೊಡೆದರೆ 0.329. ವ್ಯತ್ಯಾಸ 0.526. ನಿಮ್ಮ 40 ಎಚ್‌ಪಿ ಅಂದರೆ 29.8 ಕಿಲೋವ್ಯಾಟ್. ಗುಣಿಸಿದರೆ 15.7. ಹಾಗಾಗಿ 15 ಕೆವಿಎಆರ್ ಹಾಕಿದರೆ ಸರಿಹೋಗುತ್ತದೆ.

ಹಾನಗಲ್ ರೈತ

ನಮ್ಮ ಬೋರಿನ 7.5 ಎಚ್‌ಪಿ ಪಂಪಿಗೆ ಕಂಡೆನ್ಸರ್ ಹಾಕೇವ್ರಿ, ಎರಡ ಫೇಸ್ ಇದ್ದಾಗೂ ಎಳೀತೈತಿ. ಆದ್ರ ಪೆಟಗಿ ಭಾಳ ಬಿಸಿ ಆಕ್ಕೈತಿ. ನೀವು ಕೇಳೋದು ಅದೇನ್ರಿ? ಎಷ್ಟ ಮೈಕ್ರೋಫ್ಯಾರಡ್ ಹಾಕಬೇಕು ಅಂತ ನನಗೂ ಹೇಳ್ರಿ.

ಪ್ಯಾನೆಲ್ ಕೆಲಸ, ತಾರಿಹಾಳ

ಹಾನಗಲ್ಲಿನ ಅಣ್ಣಾರ, ಅದು ಬ್ಯಾರೇ ವಿಷಯ. ನಿಮ್ಮದು ಇಲ್ಲದ ಫೇಸನ್ನ ಹುಟ್ಟಿಸಾಕ ಹಾಕಿದ ಕಂಡೆನ್ಸರ್. ಅದರ ಮ್ಯಾಲ ಮೋಟಾರ್ ಓಡಿದ್ರ ಮೂರು ವೈಂಡಿಂಗಿನ್ಯಾಗ ಕರೆಂಟ್ ಸಮ ಇರಂಗಿಲ್ಲ. ಪೆಟಗಿ ಬಿಸಿ ಆಗೋದಕ್ಕಿಂತ ಬಾವ್ಯಾಗಿನ ಮೋಟಾರ್ ಬಿಸಿ ಆಗೋದು ದೊಡ್ಡ ತ್ರಾಸು, ಅದು ಕಣ್ಣಿಗೆ ಕಾಣಂಗಿಲ್ಲ. ಒಂದ್ ಸಲ ಮೂರೂ ವೈರಿಗೆ ಕ್ಲ್ಯಾಂಪ್ ಮೀಟರ್ ಹಾಕಿ ನೋಡ್ರಿ, ಬ್ಯಾರೇ ಪೋಸ್ಟ್ ಹಾಕ್ರಿ, ಅಲ್ಲೇ ಮಾತಾಡೂಣು.

ಬ್ಯಾಡಗಿ ಯಜಮಾನ್ರ, ನಾನು ಇಪ್ಪತ್ತು ವರ್ಷದಿಂದ ಪ್ಯಾನೆಲ್ ಕಟ್ಟಾಕತ್ತೇನಿ. ಮೊದಲ ನಿಮ್ಮ ವೈರ್‌ಮನ್ ಮಾತಿಗೆ ಉತ್ರಾ ಕೊಡ್ತೀನಿ. ಬಿಲ್ ತಪ್ಪಿಲ್ಲ, ಅವನ ಮೀಟರೂ ತಪ್ಪಿಲ್ಲ. ಅವ ನೋಡಿದ್ದು ಒಂದು ಗಳಿಗಿದು, ಬಿಲ್ಲಿನ್ಯಾಗ ಇರೋದು ಇಡೀ ತಿಂಗಳ ಸರಾಸರಿ. ಕಾಯಿ ಹಾಕಿ ಪುಡಿ ಮಾಡುವಾಗ ಮೋಟಾರ್ ಕಿಲೋವ್ಯಾಟ್ ಜಾಸ್ತಿ ಎಳೀತೈತಿ, ಪವರ್ ಫ್ಯಾಕ್ಟರ್ ಚಲೋ ಕಾಣ್ತೈತಿ. ಚೀಲ ಬದಲಿ ಮಾಡುವಾಗ, ಮುಂದಿನ ಗಿರಾಕಿ ತೂಕ ಹಾಕುವಾಗ ಮೋಟಾರ್ ಖಾಲಿ ತಿರಗ್ತೈತಲ್ಲ, ಆವಾಗ ಕಿಲೋವ್ಯಾಟ್ ಬಿದ್ದು ಹೋಗ್ತೈತಿ, ಆದ್ರ ಒಳಗಿನ ಅಯಸ್ಕಾಂತ ನಿಂದ್ರಿಸಾಕ ಬೇಕಾದ ಕರೆಂಟ್ ಅಷ್ಟಕ್ಕಷ್ಟ ಇರ್ತೈತಿ. ಖಾಲಿ ಓಡೋ ಮೋಟಾರಿನ ಪವರ್ ಫ್ಯಾಕ್ಟರ್ 0.2ರ ಹತ್ರಕ್ಕ ಇಳಿದಿರ್ತೈತಿ. ಅದೆಲ್ಲಾ ಮೀಟರಿನ್ಯಾಗ ಕೂಡಿ 0.76.

ಈಗ ಒಂದು ಪ್ರಶ್ನೆ. ತಿಂಗಳಿಗೆ ಮೋಟಾರ್ ಎಷ್ಟ್ ತಾಸು ತಿರಗ್ತಾವ? ಸಂಜಿಮುಂದ ವೋಲ್ಟೇಜ್ ಎಷ್ಟಿರ್ತೈತಿ? ಇವೆರಡು ಇಲ್ಲದ ಲೆಕ್ಕ ಹಾಕಾಕ ಬರಂಗಿಲ್ಲ.

ಕೆಂಪುಖಾರ, ಬ್ಯಾಡಗಿ

ದಿನಾ 10 ತಾಸು, ತಿಂಗಳಿಗೆ 25 ದಿನ. ವೋಲ್ಟೇಜ್ 390ರ ಆಜೂಬಾಜೂ. ರಾತ್ರಿ 430 ತನಕ ಹೋಗಿದ್ದು ನೋಡೇನಿ.

ರಿವೈಂಡಿಂಗ್, ಗದಗ

10 ತಾಸು ಅಂಗಡಿ ತೆರದಿರ್ತೈತೋ, ಮೋಟಾರ್ ತಿರಗ್ತಾವೋ? ಖರೇ ಹೇಳ್ರಿ.

ಕೆಂಪುಖಾರ, ಬ್ಯಾಡಗಿ

ಅಂಗಡಿ 10 ತಾಸು. ಊಟಕ್ಕ, ಚಹಾಕ್ಕ ಬಂದ್ ಮಾಡ್ತೀವಿ. ಮೋಟಾರ್ ತಿರಗೋದು ಸುಮಾರು 8 ತಾಸು ಅನ್ರಿ. ಅಷ್ಟ ಹೊತ್ತೂ ಮೂರೂ ಕೂಡೇ ಇರ್ತಾವ ಅಂತ ಹೇಳಬಹುದು.

ಪ್ಯಾನೆಲ್ ಕೆಲಸ, ತಾರಿಹಾಳ

ನೋಡ್ರಿ, ಇದ ಬೇಕಾಗಿತ್ತು. 8 ತಾಸು, 25 ದಿನ, 200 ತಾಸು ಆತು. 4,800 ಯೂನಿಟ್ಟನ್ನ 200ಲೆ ಭಾಗಿಸಿದ್ರ ಸರಾಸರಿ 24 ಕಿಲೋವ್ಯಾಟ್. ನೀವು ಖರೇನ ಎಳಿಯೋದು ಇಷ್ಟ. ಧಾರವಾಡದ ತಂಗಿ ಸೂತ್ರ ಸರಿ ಐತಿ, ಆದ್ರ ಆಕಿ ಮೋಟಾರಿನ ಪ್ಲೇಟ್ ಮ್ಯಾಲ ಬರದದ್ದನ್ನ P ಅಂತ ತಗೊಂಡಾಳ. ಪ್ಲೇಟ್ ಮ್ಯಾಲ ಇರೋದು ಶಾಫ್ಟಿನಿಂದ ಹೊರಗ ಬರೋ ಶಕ್ತಿ, ಅದೂ ಪೂರಾ ಲೋಡ್ ಇದ್ದಾಗ. ನಮಗ ಬೇಕಾದದ್ದು ವೈರಿನಿಂದ ಒಳಗ ಹೋಗೋ ಶಕ್ತಿ, ಅದೂ ದಿನನಿತ್ಯ ಹೋಗೋದು.

24 × 0.526 = 12.6 ಕೆವಿಎಆರ್. 0.76ರಿಂದ 0.95ಕ್ಕ ಹೋಗಾಕ ನಿಮಗ ಬೇಕಾದದ್ದು ಇಷ್ಟು.

ನೀವು 250 ತಾಸು ಅಂತ ಹಿಡಿದಿದ್ರ 19.2 ಕಿಲೋವ್ಯಾಟ್ ಬಂದು ಬರೇ 10 ಕೆವಿಎಆರ್ ಆಗ್ತಿತ್ತು. ಅದಕ್ಕ ಗದಗಿನ ಅಣ್ಣಾರು ತಾಸಿನ ಲೆಕ್ಕ ಒತ್ತಿ ಕೇಳಿದ್ದು ಭಾಳ ಚಲೋ ಆತು.

ಇಇಇ ಹುಡುಗಿ, ಧಾರವಾಡ

ಅರ್ಥ ಆಯ್ತು ಸರ್. ಪರೀಕ್ಷೆಯಲ್ಲಿ P ಯಾವಾಗಲೂ ಕೊಟ್ಟೇ ಇರುತ್ತಾರೆ, ಅದನ್ನು ಎಲ್ಲಿಂದ ಹುಡುಕಬೇಕು ಅಂತ ಯೋಚಿಸಿಯೇ ಇರಲಿಲ್ಲ. ಒಂದು ಅನುಮಾನ. 0.95 ಯಾಕೆ, ಪೂರ್ತಿ 1ಕ್ಕೆ ಯಾಕೆ ಹೋಗಬಾರದು? ರಾಣೆಬೆನ್ನೂರಿನ ಅಣ್ಣ ಹೇಳಿದ ಹಾಗೆ.

ಪ್ಯಾನೆಲ್ ಕೆಲಸ, ತಾರಿಹಾಳ

ನೀನ ಲೆಕ್ಕ ಹಾಕಿ ನೋಡವಾ ತಂಗಿ. 0.76ರಿಂದ 0.90ಕ್ಕ ಎಷ್ಟು, 0.95ಕ್ಕ ಎಷ್ಟು, 1ಕ್ಕ ಎಷ್ಟು?

ಇಇಇ ಹುಡುಗಿ, ಧಾರವಾಡ

24 ಕಿಲೋವ್ಯಾಟಿಗೆ: 0.90ಕ್ಕೆ 8.9, 0.95ಕ್ಕೆ 12.6, 1ಕ್ಕೆ 20.5. ಅಬ್ಬಾ, ಕೊನೆಯ ಐದು ಪಾಯಿಂಟಿಗೇ 8 ಕೆವಿಎಆರ್ ಬೇಕು! ಮೊದಲ ಹದಿನಾಲ್ಕು ಪಾಯಿಂಟಿಗೆ ಹತ್ತಿರಹತ್ತಿರ ಅಷ್ಟೇ.

ಪ್ಯಾನೆಲ್ ಕೆಲಸ, ತಾರಿಹಾಳ

ಅದ ನೋಡು. ಇವರ ದಂಡ 0.85ಕ್ಕ ನಿಂತುಬಿಡ್ತೈತಿ. ಅದರ ಮ್ಯಾಲ ಒಂದಿಷ್ಟು ಕೈಯಾಗ ಇರಲಿ ಅಂತ 0.95. ಅದಕ್ಕೂ ಮ್ಯಾಲ ಹಾಕೋ ರೊಕ್ಕಕ್ಕ ಬಿಲ್ಲಿನ್ಯಾಗ ಏನೂ ವಾಪಸ್ ಬರಂಗಿಲ್ಲ.

ವೈರಿಂಗ್ ಅಣ್ಣ, ರಾಣೆಬೆನ್ನೂರು

ರೊಕ್ಕ ಒಂದಿಷ್ಟ ಜಾಸ್ತಿ ಹೋಗಬಹುದು, ಲುಕ್ಸಾನ್ ಏನ್ರಿ ಅದರಾಗ? ಜಾಸ್ತಿ ಇದ್ರ ಒಳ್ಳೇದ ಅಲ್ಲೇನು?

ಹಳೇ ಮೀಟರ್, ಹಾವೇರಿ

ಲುಕ್ಸಾನ್ ಐತ್ರಿ. ನಾನು ಸೇವೆಯಲ್ಲಿದ್ದಾಗ ಮೀಟರ್ ಪರೀಕ್ಷೆಗೆ ಊರೂರು ತಿರುಗಿದವ, ಈಗ ನಿವೃತ್ತಿ. ಮೇನ್‌ಗೆ 25 ಹಾಕಿ ಬಿಟ್ಟರೆ ಅದು ಹಗಲು-ರಾತ್ರಿ ಲೈನಿನ ಮೇಲೆ ಕೂತಿರುತ್ತದೆ. ಪಲ್ವರೈಸರ್ ಎರಡೂ ಬಂದ್ ಆಗಿ ಬರೀ ಜರಡಿಯ 5 ಎಚ್‌ಪಿ ಓಡುವಾಗ ಏನಾಗುತ್ತದೆ ನೋಡಿ. 390 ವೋಲ್ಟಿನಲ್ಲಿ ಆ 25ರ ಪೆಟ್ಟಿಗೆ 19ಕ್ಕೂ ಮೇಲೆ ಕೆವಿಎಆರ್ ಕೊಡುತ್ತದೆ. ಜರಡಿಗೆ ಬೇಕಾದದ್ದು ಎರಡು-ಮೂರು. ಉಳಿದ 16 ಲೈನಿಗೆ ವಾಪಸ್ ಹೋಗುತ್ತದೆ, ಪವರ್ ಫ್ಯಾಕ್ಟರ್ ಈಗ ಲೀಡಿಂಗ್ ಕಡೆಗೆ 0.2ರ ಕೆಳಗೆ.

ಮೀಟರ್ ಇದನ್ನು ಹೇಗೆ ಲೆಕ್ಕ ಹಿಡಿಯುತ್ತದೆ ಅನ್ನುವುದು ಅದರೊಳಗಿನ ಸೆಟ್ಟಿಂಗಿನ ಮೇಲೆ. ಕೆಲವು ಮೀಟರ್ ಲ್ಯಾಗ್ ಮಾತ್ರ ಲೆಕ್ಕ ಹಿಡಿದು ಲೀಡನ್ನು 1 ಅಂತ ಬಿಟ್ಟುಬಿಡುತ್ತವೆ. ಇನ್ನು ಕೆಲವು ಲ್ಯಾಗ್, ಲೀಡ್ ಎರಡನ್ನೂ `kVAh`ಗೆ ಸೇರಿಸುತ್ತವೆ. ಎರಡನೇ ತರಹದ್ದು ಇದ್ದರೆ, ದಂಡ ತಪ್ಪಿಸಲು ಹಾಕಿದ ಕೆಪಾಸಿಟರೇ ರಾತ್ರಿಯಿಡೀ ದಂಡ ಕೂಡಿಸುತ್ತಾ ಕೂತಿರುತ್ತದೆ.

ವೈರಿಂಗ್ ಅಣ್ಣ, ರಾಣೆಬೆನ್ನೂರು

ಹೌದ್ರಿ? ನಾ ಹಾಕಿಕೊಟ್ಟ ಗಿರಣ್ಯಾಗ ಯಾರೂ ಹಂಗ ದೂರು ಹೇಳಿಲ್ಲ.

ಹಳೇ ಮೀಟರ್, ಹಾವೇರಿ

ಅವರ ಮೀಟರ್ ಲ್ಯಾಗ್ ಮಾತ್ರ ಹಿಡಿಯುವಂಥದ್ದು ಇರಬೇಕು. ಅಥವಾ ರಾತ್ರಿ ಮೇನ್ ಇಳಿಸಿ ಹೋಗುತ್ತಿರಬೇಕು. ಒಂದು ಸಂಜೆ ಎಲ್ಲಾ ಮೋಟಾರ್ ಬಂದ್ ಮಾಡಿಸಿ, ಕೆಪಾಸಿಟರ್ ಮಾತ್ರ ಬಿಟ್ಟು, ಮೀಟರಿನ `kVAh` ಅಂಕಿ ಬರೆದಿಟ್ಟುಕೊಳ್ಳಿ. ಬೆಳಗ್ಗೆ ಮತ್ತೆ ನೋಡಿ. `kWh` ನಿಂತಲ್ಲೇ ಇದ್ದು `kVAh` ಓಡಿದ್ದರೆ ಗೊತ್ತಾಯಿತಲ್ಲ.

ವೈರಿಂಗ್ ಅಣ್ಣ, ರಾಣೆಬೆನ್ನೂರು

ಈ ವಾರ ಒಂದು ಗಿರಣ್ಯಾಗ ನೋಡಿ ಬಂದು ಹೇಳ್ತೀನಿ ಸಾಹೇಬ್ರ.

ಮಗ್ಗದ ಮನಿ, ಬೆಟಗೇರಿ

ಎಲ್ಲಾರೂ ಸೇರಿ 12.6 ಅಂದ್ರಿ. ನನ್ನ ಮೂರನೇ ಭಾಗದ ಲೆಕ್ಕ 13.3. ಹಂಗಾರ ನಮ್ಮಪ್ಪ ಹೇಳಿದ್ದು ಸರಿ ಅಂತಾತು.

ರಿವೈಂಡಿಂಗ್, ಗದಗ

ಈ ಮಿಲ್ಲಿಗೆ ಸರಿ ಕುಂತೈತಿ. ಯಾಕ ಕುಂತೈತಿ ಅಂದ್ರ, ನಾಕು ಪೋಲಿನ ಮಧ್ಯಮ ಸೈಜಿನ ಮೋಟಾರ್ ಖಾಲಿ ಓಡುವಾಗ ಎಳಿಯೋ ಕರೆಂಟಿನ ಲೆಕ್ಕಕ್ಕ ಆ ಮೂರನೇ ಭಾಗ ಹತ್ರ ಬರ್ತೈತಿ. ಆದ್ರ ನಿಮ್ಮ ಮಗ್ಗದ 1 ಎಚ್‌ಪಿ ಮೋಟಾರಿಗೆ ಅದು ಸಾಲಂಗಿಲ್ಲ. ಸಣ್ಣ ಮೋಟಾರ್ ತನ್ನ ಅಳತಿಗೆ ಹೋಲಿಸಿದ್ರ ಖಾಲಿ ಕರೆಂಟ್ ಜಾಸ್ತಿ ತಿಂತೈತಿ. ಆರು, ಎಂಟು ಪೋಲಿನ ನಿಧಾನ ತಿರಗೋ ಮೋಟಾರಿಗೂ ಜಾಸ್ತಿ ಬೇಕು. ರಿವೈಂಡಿಂಗ್ ಮಾಡುವಾಗ ಸುತ್ತು ಕಡಿಮಿ ಹಾಕಿದ್ರಂತೂ ಮುಗೀತು, ಖಾಲಿ ಕರೆಂಟ್ ಏರಿಬಿಡ್ತೈತಿ. ನನ್ನ ಹತ್ರ ಬರೋ ಎಷ್ಟೋ ಮೋಟಾರ್ ಬ್ಯಾರೇ ಕಡೆ ಹಂಗ ಸುತ್ತಿಸ್ಕೊಂಡು ಬಂದಿರ್ತಾವ.

ಬ್ಯಾಡಗಿ ಅಣ್ಣಾರ, ನಿಮ್ಮ 20 ಎಚ್‌ಪಿ ಮೋಟಾರಿನ ಬೆಲ್ಟ್ ತೆಗೆದು ಖಾಲಿ ಓಡಿಸಿ ಕ್ಲ್ಯಾಂಪ್ ಮೀಟರ್ ಹಾಕಿ ನೋಡ್ರಿ. ಎಷ್ಟ್ ಆಂಪ್ ಬಂತು ಹೇಳ್ರಿ.

ಕೆಂಪುಖಾರ, ಬ್ಯಾಡಗಿ

ಈಗ ನೋಡಿ ಬಂದೆ. ಮೂರೂ ಫೇಸಿಗೆ 12 ಆಂಪ್.

ರಿವೈಂಡಿಂಗ್, ಗದಗ

ಹಂಗಾರ ಚಲೋ ಸುತ್ಯಾರ. 390 ವೋಲ್ಟಿಗೆ 12 ಆಂಪ್ ಅಂದ್ರ 8.1 ಕೆವಿಎಆರ್. ಮೋಟಾರಿನ ಮೈಗೇ ಕೆಪಾಸಿಟರ್ ಕಟ್ಟೋದಾದ್ರ ಇದರ ಶೇಕಡಾ 90ರಷ್ಟು, ಅಂದ್ರ 7.3 ದಾಟಬಾರದು. ದಾಟಿದ್ರ ಸ್ವಿಚ್ ತೆಗೆದ ಮ್ಯಾಲೂ ಆ ಭಾರವಾದ ರೋಟರ್ ತಿರಗ್ತಿರುವಾಗ ಕೆಪಾಸಿಟರಿನ ಬಲದಲೆ ಮೋಟಾರ್ ತಾನ ಜನರೇಟರ್ ಆಗಿಬಿಡ್ತೈತಿ. ವೋಲ್ಟೇಜ್ ಇಳಿಯೋದು ಬಿಟ್ಟು ಏರ್ತೈತಿ. ಪಲ್ವರೈಸರ್‌ಗೆ ಬಂದ್ ಮಾಡಿದ ಮ್ಯಾಲೂ ಒಂದೆರಡು ನಿಮಿಷ ತಿರಗೋ ಚಾಳಿ ಇರ್ತೈತಲ್ಲ, ಅಲ್ಲೇ ಇದು ಕಾಡ್ತೈತಿ.

ಪ್ಯಾನೆಲ್ ಕೆಲಸ, ತಾರಿಹಾಳ

ಅಣ್ಣಾರು ಹೇಳಿದ್ದು ನೂರಕ್ಕ ನೂರು. ಈಗ ವೋಲ್ಟೇಜ್ ಮಾತಿಗೆ ಬರ್ತೀನಿ, ಯಾಕಂದ್ರ ನಮ್ಮ ಕಡೆ ಎಲ್ಲಾರೂ ಎಡವೋದು ಇಲ್ಲೇ.

ಅಂಗಡ್ಯಾಗ ಸಿಗೋ ಪೆಟಗಿ ಮ್ಯಾಲ "440 ವೋಲ್ಟ್" ಅಂತ ಬರದಿರ್ತೈತಿ. ಅದರ ಕೆವಿಎಆರ್ ಅಂಕಿ ಅಷ್ಟ ವೋಲ್ಟೇಜ್ ಇದ್ದಾಗಿಂದು. ವೋಲ್ಟೇಜ್ ಇಳಿದ್ರ ಕೆವಿಎಆರ್ ವರ್ಗದ ಲೆಕ್ಕದಾಗ ಇಳೀತೈತಿ. 390ನ್ನ 440ಲೆ ಭಾಗಿಸಿ ವರ್ಗ ಮಾಡಿದ್ರ 0.786. ಅಂದ್ರ ನೀವು 15 ಅಂತ ರೊಕ್ಕ ಕೊಟ್ಟು ತಂದದ್ದು ನಿಮ್ಮ ಮಿಲ್ಲಿನ್ಯಾಗ 11.8 ಅಷ್ಟ ಕೊಡ್ತೈತಿ. ನಮಗ ಬೇಕಾದ 12.6 ಖರೇನ ಸಿಗಬೇಕಂದ್ರ ಪೆಟಗಿ ಮ್ಯಾಲ 16 ಅಂತ ಇರಬೇಕು.

ಹಂಗಂತ ಹೆದರಿ ದೊಡ್ಡದು ತರಬ್ಯಾಡ್ರಿ. 15ರಿಂದ ಎಷ್ಟು ಆಗ್ತೈತಿ ನೋಡೂಣು. ನಿಮ್ಮ ಒಟ್ಟು ರಿಯಾಕ್ಟಿವ್ 20.5, ಅದರಾಗ 11.8 ಕಳೆದ್ರ 8.7 ಉಳೀತು. 24ಕ್ಕ 8.7 ಅಂದ್ರ ಪವರ್ ಫ್ಯಾಕ್ಟರ್ 0.94. ದಂಡದ ಗೆರಿಗಿಂತ ಎಷ್ಟೋ ಮ್ಯಾಲ ಐತಿ. ಮೇನಿನ ಕರೆಂಟ್ 47 ಆಂಪ್ ಇದ್ದದ್ದು 38ಕ್ಕ ಇಳೀತೈತಿ.

ಧಾರವಾಡದ ತಂಗಿ ಮೊದಲ ಹೇಳಿದ 15 ಇಲ್ಲಿಗೆ ಬಂದು ಕುಂತೈತಿ ಖರೇ, ಆದ್ರ ಎರಡು ತಪ್ಪು ಒಂದಕ್ಕೊಂದು ಹೊಡದು ಹೋಗ್ಯಾವ. ಇನ್ನೊಂದು ಮಿಲ್ಲಿನ್ಯಾಗ ಹಂಗ ಹೊಡದು ಹೋಗಂಗಿಲ್ಲ.

ಇಇಇ ಹುಡುಗಿ, ಧಾರವಾಡ

ಒಪ್ಪಿದೆ ಸರ್. ಹಾಗಾದರೆ ರಾತ್ರಿ 430 ವೋಲ್ಟ್ ಬಂದಾಗ ಅದೇ 15ರ ಪೆಟ್ಟಿಗೆ 14.3 ಕೊಡುತ್ತದೆ ಅಲ್ವಾ? ಬೇಕಾದಾಗ ಕಡಿಮೆ, ಬೇಡವಾದಾಗ ಜಾಸ್ತಿ!

ಹಳೇ ಮೀಟರ್, ಹಾವೇರಿ

ಸರಿಯಾಗಿ ಹಿಡಿದೆಯಮ್ಮ. ಅದಕ್ಕೇ ಮೇನ್‌ಗೆ ಕಟ್ಟದೆ ಆಯಾ ಮೋಟಾರಿನ ಜೊತೆ ಕಟ್ಟು ಅನ್ನುವುದು. ಮೋಟಾರ್ ನಿಂತರೆ ಅದರ ಕೆಪಾಸಿಟರೂ ನಿಲ್ಲುತ್ತದೆ.

ಪ್ಯಾನೆಲ್ ಕೆಲಸ, ತಾರಿಹಾಳ

ಬ್ಯಾಡಗಿ ಯಜಮಾನ್ರಿಗೆ ನನ್ನ ಸಲಹೆ: 20 ಎಚ್‌ಪಿಗೆ 7.5, 15 ಎಚ್‌ಪಿಗೆ 5, ಜರಡಿಗೆ 2. ಕೂಡಿ 14.5. ನಿಮ್ಮ ವೋಲ್ಟೇಜಿಗೆ 11.4 ಸಿಗ್ತೈತಿ, ಪವರ್ ಫ್ಯಾಕ್ಟರ್ 0.93ರ ಹತ್ರ ನಿಂದರ್ತೈತಿ. 20 ಎಚ್‌ಪಿದ 7.5 ಅಂದ್ರ 390ಕ್ಕ 5.9, ಗದಗಿನ ಅಣ್ಣಾರು ಹಾಕಿದ ಗೆರಿ ಒಳಗ ಐತಿ.

ಸ್ಟಾರ್ಟರ್ ಯಾವುವು?

ಕೆಂಪುಖಾರ, ಬ್ಯಾಡಗಿ

ಎರಡು ದೊಡ್ಡವಕ್ಕ ಸ್ಟಾರ್-ಡೆಲ್ಟಾ, ಆಟೊಮ್ಯಾಟಿಕ್. ಜರಡಿಗೆ ಡಿಒಎಲ್.

ಪ್ಯಾನೆಲ್ ಕೆಲಸ, ತಾರಿಹಾಳ

ಸ್ಟಾರ್-ಡೆಲ್ಟಾಕ್ಕ ಕೆಪಾಸಿಟರನ್ನ ಸೀದಾ ಮೋಟಾರಿನ ಆರು ವೈರಿಗೆ ಎಲ್ಯರೇ ಕಟ್ಟಬ್ಯಾಡ್ರಿ. ಪ್ರತಿಯೊಂದಕ್ಕೂ ಒಂದು ಕೆಪಾಸಿಟರ್ ಡ್ಯೂಟಿ ಕಾಂಟ್ಯಾಕ್ಟರ್ ಹಾಕ್ರಿ, ಅದರ ಕಾಯಿಲಿಗೆ ಸಪ್ಲೈ ಡೆಲ್ಟಾ ಕಾಂಟ್ಯಾಕ್ಟರಿನ ಆಕ್ಸಿಲರಿಯಿಂದ ತಗೋರಿ. ಮೋಟಾರ್ ಡೆಲ್ಟಾಕ್ಕ ಬಂದು ವೇಗ ಹಿಡಿದ ಮ್ಯಾಲ ಕೆಪಾಸಿಟರ್ ಒಳಗ ಬರ್ತೈತಿ, ಬಂದ್ ಮಾಡಿದ ಕೂಡ್ಲೇ ಮೋಟಾರಿನಿಂದ ಬ್ಯಾರೇ ಆಗಿಬಿಡ್ತೈತಿ. ಸಾದಾ ಕಾಂಟ್ಯಾಕ್ಟರ್ ಹಾಕಿದ್ರ ಹಚ್ಚಿದಾಗೊಮ್ಮೆ ಬರೋ ಕರೆಂಟಿನ ಹೊಡತಕ್ಕ ಪಾಯಿಂಟ್ ಅಂಟ್ಕೋತಾವ. ಕೆಪಾಸಿಟರ್ ಡ್ಯೂಟಿದರಾಗ ಮೊದಲ ರೆಸಿಸ್ಟೆನ್ಸ್ ಮೂಲಕ ಹಾಯ್ದು ಆಮ್ಯಾಲ ಸೀದಾ ಆಗ್ತೈತಿ.

ಜರಡಿ ಡಿಒಎಲ್‌ದಾಗ ಕಾಂಟ್ಯಾಕ್ಟರಿಗೂ ಓವರ್‌ಲೋಡ್ ರಿಲೇಕ್ಕೂ ನಡುವ ಕಟ್ರಿ. ರಿಲೇ ದಾಟಿ ಮೋಟಾರ್ ಕಡೆ ಕಟ್ಟಿದ್ರ ರಿಲೇ ಒಳಗ ಹರಿಯೋ ಕರೆಂಟ್ ಕಡಿಮಿ ಆಗ್ತೈತಿ, ಆದ್ರ ಮೋಟಾರ್ ಒಳಗ ಹರಿಯೋದು ಕಡಿಮಿ ಆಗಿರಂಗಿಲ್ಲ. ಸೆಟ್ಟಿಂಗ್ ಇಳಿಸದ ಬಿಟ್ರ ಮೋಟಾರ್ ಸುಟ್ಟ್ರೂ ರಿಲೇ ಹಾರಂಗಿಲ್ಲ.

ಮಗ್ಗದ ಮನಿ, ಬೆಟಗೇರಿ

ತಡೀರಿ. ಕೆಪಾಸಿಟರ್ ಹಾಕಿದ್ರ ಮೋಟಾರಿನ ಕರೆಂಟ್ ಕಡಿಮಿ ಆಗ್ತೈತಿ ಅಂತ ಎಲ್ಲಾರೂ ಹೇಳ್ತಾರ, ನೀವು ಆಗಂಗಿಲ್ಲ ಅಂತೀರಿ.

ರಿವೈಂಡಿಂಗ್, ಗದಗ

ಮೋಟಾರಿಗೆ ಬೇಕಾದದ್ದು ಬೇಕ ಬೇಕು. ಮೊದಲ ಅದನ್ನ ಟ್ರಾನ್ಸ್‌ಫಾರ್ಮರಿನಿಂದ ತರಸ್ತಿತ್ತು, ಈಗ ಬಾಜೂದ ಕೆಪಾಸಿಟರಿನಿಂದ ತರಸ್ತೈತಿ. ಕೆಪಾಸಿಟರ್ ಕಟ್ಟಿದ ಜಾಗಾದ ಹಿಂದಿನ ವೈರಿಗೆ ಕ್ಲ್ಯಾಂಪ್ ಹಾಕಿದ್ರ ಕರೆಂಟ್ ಇಳಿದದ್ದು ಕಾಣ್ತೈತಿ. ಮುಂದಿನ ವೈರಿಗೆ, ಮೋಟಾರ್ ಬಾಯಾಗ ಹಾಕಿದ್ರ ಹಿಂದಿನಷ್ಟ ಇರ್ತೈತಿ. ಮಾಡಿ ನೋಡ್ರಿ, ಎರಡ ನಿಮಿಷದ ಕೆಲಸ.

ಮಗ್ಗದ ಮನಿ, ಬೆಟಗೇರಿ

ಹಂಗಾರ ಯೂನಿಟ್? ನಮ್ಮ ಓಣ್ಯಾಗ ಒಬ್ಬಾವ ಪ್ಲಗ್ಗಿಗೆ ಚುಚ್ಚೋ ಪೆಟಗಿ ಮಾರ್ಕೋತ ಬಂದಿದ್ದ, ಯೂನಿಟ್ ಶೇಕಡಾ 30 ಕಡಿಮಿ ಆಗ್ತಾವ ಅಂತ. ನಾನು ತಗೊಳ್ಳಲಿಲ್ಲ. ಆದ್ರ ಹೋದ ವರ್ಷ ಮಗ್ಗಕ್ಕ ಕೆಪಾಸಿಟರ್ ಹಾಕಿದ ಮ್ಯಾಲ ನನ್ನ ಯೂನಿಟ್ ಸುಮಾರು ಶೇಕಡಾ 5 ಇಳಿದಾವ. ಬಿಲ್ ಇಟ್ಟೇನಿ.

ಹಳೇ ಮೀಟರ್, ಹಾವೇರಿ

ಯೂನಿಟ್ ಅಂದರೆ `kWh`. ಕೆಪಾಸಿಟರ್ ಅದನ್ನು ಮುಟ್ಟುವುದಿಲ್ಲ. ಮನೆಯ ಪ್ಲಗ್ಗಿಗೆ ಹಾಕಿದರೆ ಮನೆಯ ಬಿಲ್ಲಿಗೆ ಅದರಿಂದ ಏನೂ ಆಗುವುದಿಲ್ಲ.

ಪ್ಯಾನೆಲ್ ಕೆಲಸ, ತಾರಿಹಾಳ

ಪೂರಾ ಏನೂ ಇಲ್ಲ ಅನ್ನಾಕ ಬರಂಗಿಲ್ಲ ಸಾಹೇಬ್ರ. ಮೀಟರಿನಿಂದ ಮೋಟಾರಿನ ತನಕ ಉದ್ದ ಕೇಬಲ್ ಇದ್ದು, ಕೆಪಾಸಿಟರ್ ಮೋಟಾರ್ ತುದಿಗೆ ಇದ್ರ ಆ ಕೇಬಲ್ ಬಿಸಿ ಆಗೋದು ಕಡಿಮಿ ಆಗ್ತೈತಿ. ಬ್ಯಾಡಗಿಯವರ ಲೆಕ್ಕದಾಗ 47 ಆಂಪ್ 38ಕ್ಕ ಇಳಿದ್ರ ಕೇಬಲ್ಲಿನ ನಷ್ಟ ಮೂರನೇ ಒಂದು ಭಾಗ ಕಡಿಮಿ ಆಗ್ತೈತಿ. ಆದ್ರ ಕೇಬಲ್ಲಿನ ನಷ್ಟ ಇರೋದ ಒಟ್ಟು ಯೂನಿಟ್ಟಿನ ಶೇಕಡಾ 2 ಅಂತ ಹಿಡಿದ್ರ, ಉಳಿಯೋದು ಶೇಕಡಾ 1 ಕೂಡ ಅಲ್ಲ.

ಮಗ್ಗದ ಮನಿ, ಬೆಟಗೇರಿ

ನಂದು 5 ಇಳಿದದ್ದು ಸುಳ್ಳಲ್ಲ.

ರಿವೈಂಡಿಂಗ್, ಗದಗ

ಸುಳ್ಳಂತ ಯಾರೂ ಅಂದಿಲ್ಲ ಕಾಕಾ. ಆ ತಿಂಗಳು ಎಷ್ಟು ಸೀರಿ ಇಳಿದ್ವು, ಅದರ ಹಿಂದಿನ ತಿಂಗಳು ಎಷ್ಟು, ಅದನ್ನೂ ಬಿಲ್ಲಿನ ಜೋಡಿ ಇಟ್ಟು ನೋಡ್ರಿ. ಸೀರಿಗೊಂದಕ್ಕ ಎಷ್ಟು ಯೂನಿಟ್ ಅಂತ ಬಂದ್ರ ಮಾತಾಡಾಕ ಬರ್ತೈತಿ.

ಮಗ್ಗದ ಮನಿ, ಬೆಟಗೇರಿ

ಪುಸ್ತಕದಾಗ ಐತಿ. ತಗದು ನೋಡ್ತೀನಿ. ಆದ್ರೂ ನನಗ ಪೂರಾ ಒಪ್ಪಿಗಿ ಆಗಿಲ್ಲ.

ಹಾನಗಲ್ ರೈತ

ಬ್ಯಾಡಗಿ ಅಣ್ಣಾರ, ವಿಷಯ ಬಿಟ್ಟು ಒಂದು ಮಾತು. ಪಲ್ವರೈಸರ್ ಬಿಸಿಗೆ ಖಾರದ ಬಣ್ಣ ಹೋಗ್ತೈತಿ ಅಂತಾರಲ್ಲ, ನಿಮ್ಮಲ್ಲಿ ಹೆಂಗ? ಮನಿಗೆ ಕಡ್ಡಿ ಕಾಯಿ 10 ಕೆಜಿ ಕುಟ್ಟಿಸೋದೈತಿ.

ಕೆಂಪುಖಾರ, ಬ್ಯಾಡಗಿ

ಕಾಯಿ ಚೆನ್ನಾಗಿ ಒಣಗಿದ್ದು ತರ್ರಿ, ಬೆಳಿಗ್ಗೆ ತಂಪಿನ್ಯಾಗ ಬರ್ರಿ, ಒಂದ ಸಲಕ್ಕ ಸಣ್ಣಗ ಮಾಡ್ರಿ ಅಂತ ಒತ್ತಬ್ಯಾಡ್ರಿ. ಎರಡು ಸಲ ಹಾಯಿಸಿದ್ರ ಬಣ್ಣ ಉಳೀತೈತಿ. ಬಿಸಿ ಅಂದಾಗ ನೆನಪಾತು, ಕೆಪಾಸಿಟರ್ ಎಲ್ಲಿ ಇಡಬೇಕ್ರಿ? ಸ್ಟಾರ್ಟರ್ ಇರೋ ಗ್ವಾಡಿ ಹತ್ರನ ಖಾರದ ಧೂಳು ಭಾಳ.

ಪ್ಯಾನೆಲ್ ಕೆಲಸ, ತಾರಿಹಾಳ

ಆ ಗ್ವಾಡಿಯ ಹೊರಗಿನ ಮೈಗೆ, ನೆರಳಿನ್ಯಾಗ, ಗಾಳಿ ಆಡೋಹಂಗ ಪೆಟಗಿ ಮಾಡಿ ಇಡ್ರಿ. ಕೆಪಾಸಿಟರಿಗೆ ಬಿಸಿನ ಮೊದಲನೇ ಶತ್ರು. ಒಳಗಿನ ಫಿಲ್ಮ್ ಎಲ್ಯರೇ ತೂತು ಬಿದ್ರ ಅಷ್ಟು ಜಾಗಾದ ಲೋಹ ಸುಟ್ಟು ತಾನ ವಾಸಿ ಆಗ್ತೈತಿ, ಆದ್ರ ಪ್ರತಿ ಸಲ ಒಂದಿಷ್ಟು ಕೆವಿಎಆರ್ ಹೋಗ್ತೈತಿ. ಹೊರಗಿಂದ ನೋಡಿದ್ರ ಪೆಟಗಿ ಹೊಸದರಂಗ ಇರ್ತೈತಿ, ಒಳಗ ಅರ್ಧ ಖಾಲಿ ಆಗಿರ್ತೈತಿ. ಅದಕ್ಕ ಮೂರು ತಿಂಗಳಿಗೊಮ್ಮೆ ಕ್ಲ್ಯಾಂಪ್ ಹಾಕಿ ಬರದಿಡ್ರಿ. 390 ವೋಲ್ಟಿಗೆ ನಿಮ್ಮ 5ರದು 5.8 ಆಂಪ್, 7.5ರದು 8.7 ಆಂಪ್ ತೋರಿಸಬೇಕು, ಮೂರೂ ಕಾಲಿಗೆ ಸಮ.

ರಿವೈಂಡಿಂಗ್, ಗದಗ

ಮುಟ್ಟೋದಕ್ಕಿಂತ ಮೊದಲ ಮೇನ್ ತಗದು ಐದು ನಿಮಿಷ ಬಿಡ್ರಿ, ಆಮ್ಯಾಲ ಮೀಟರ್ ಹಚ್ಚಿ ಮೂರೂ ಕಾಲಿನ ನಡುವ ವೋಲ್ಟೇಜ್ ಇಲ್ಲಂತ ನೋಡ್ರಿ. ಒಳಗಿನ ಡಿಸ್ಚಾರ್ಜ್ ರೆಸಿಸ್ಟೆನ್ಸ್ ಹರಿದಿದ್ರ ತಾಸುಗಟ್ಟಲೆ ತುಂಬಿಕೊಂಡಿರ್ತೈತಿ. ನಮ್ಮ ಅಂಗಡ್ಯಾಗ ಒಬ್ಬ ಹುಡುಗನ್ನ ಹಂಗ ಒಗದಿತ್ತು, ಮೊಣಕೈಗೆ ಆರು ಹೊಲಿಗಿ ಬಿದ್ವು.

ಕೆಂಪುಖಾರ, ಬ್ಯಾಡಗಿ

ನೆನಪಿಡ್ತೀನ್ರಿ. ವಾರದಾಗ ಹಾಕಿಸ್ತೀನಿ.

ಕೆಂಪುಖಾರ, ಬ್ಯಾಡಗಿ (ಐದು ವಾರದ ಮ್ಯಾಲ)

ಎಲ್ಲಾರಿಗೂ ಭಾಳ ಉಪಕಾರ ಆತ್ರಿ. ಹಾಕಿಸಿದ ಮ್ಯಾಲಿನ ಮೊದಲ ಪೂರಾ ಬಿಲ್ ಬಂತು, ಪವರ್ ಫ್ಯಾಕ್ಟರ್ 0.91. ದಂಡ ಇಲ್ಲ. ಆದ್ರ 0.93 ಬರಬೇಕಾಗಿತ್ತು ಅಂದಿದ್ರಿ. ಎರಡು ಪಾಯಿಂಟ್ ಎಲ್ಲಿ ಹೋತು?

ಇಇಇ ಹುಡುಗಿ, ಧಾರವಾಡ

ಖಾಲಿ ಓಡಿಸಿದ್ದು ಜಾಸ್ತಿ ಆಯ್ತೇನೋ ಸರ್? ಅಥವಾ ವೋಲ್ಟೇಜ್ ಇನ್ನೂ ಕಡಿಮೆ ಇತ್ತೇನೋ.

ಪ್ಯಾನೆಲ್ ಕೆಲಸ, ತಾರಿಹಾಳ

ಅದೂ ಇರಬಹುದು ತಂಗಿ. ಆದ್ರ ಮೊದಲ ಮೂರೂ ಕೆಪಾಸಿಟರಿನ ಆಂಪ್ ನೋಡ್ಲಿ.

ಕೆಂಪುಖಾರ, ಬ್ಯಾಡಗಿ

20 ಎಚ್‌ಪಿದು 8.6, 8.7, 8.6. ಜರಡಿದು 2.3, 2.3, 2.3. 15 ಎಚ್‌ಪಿದು 5.7, 3.3, 3.4. ವೋಲ್ಟೇಜ್ 388.

ಪ್ಯಾನೆಲ್ ಕೆಲಸ, ತಾರಿಹಾಳ

ಸಿಕ್ತು. ಪೆಟಗಿ ಒಳಗ ಮೂರು ತುಂಡು ಡೆಲ್ಟಾದಾಗ ಕಟ್ಟಿರ್ತಾವ. ಅದರಾಗ ಒಂದು ತುಂಡು ಹೋದ್ರ ಒಂದು ಕಾಲು ಮೊದಲಿನಷ್ಟ ಇರ್ತೈತಿ, ಉಳಿದ ಎರಡು ಶೇಕಡಾ 58ಕ್ಕ ಇಳೀತಾವ. 5.7ರ ಶೇಕಡಾ 58 ಅಂದ್ರ 3.3. ನಿಮ್ಮದು ಬರೋಬ್ಬರಿ ಹಂಗ ಐತಿ. ಫ್ಯೂಸ್ ಹೋಗಿದ್ರ ಒಂದು ಕಾಲು ಸೊನ್ನೆ ತೋರಿಸಿ ಉಳಿದೆರಡು 5ರ ಹತ್ರ ಸಮ ಇರ್ತಿದ್ವು. ಇದು ಫ್ಯೂಸ್ ಅಲ್ಲ, ಒಳಗಿನ ತುಂಡ ಹೋಗೈತಿ. 5 ಅಂತ ತಂದದ್ದು ಮೂರು ಚಿಲ್ಲರ ಆಗಿ ಕೆಲಸ ಮಾಡಾಕತ್ತೈತಿ, ಲೆಕ್ಕಕ್ಕ ಅದರಿಂದ 0.92 ಬರ್ತೈತಿ.

ಬಿಲ್ ಇಟ್ಟಿದ್ರ ಅಂಗಡಿಗೆ ಒಯ್ದು ಬದಲಿ ಕೇಳ್ರಿ. ಹೊಸದು ಕೊಡುವಾಗ ಮೈಮ್ಯಾಲಿನ ತಯಾರಾದ ತಿಂಗಳು ನೋಡಿ ತಗೋರಿ, ಮನಿಗೆ ತಂದು ಹಚ್ಚಿದ ದಿನಾನ ಮೂರು ಕಾಲಿನ ಆಂಪ್ ಬರದು ಪೆಟಗಿ ಬಾಗಿಲಿಗೆ ಅಂಟಿಸ್ರಿ.

ವೈರಿಂಗ್ ಅಣ್ಣ, ರಾಣೆಬೆನ್ನೂರು

ಹಾವೇರಿ ಸಾಹೇಬ್ರ, ನೀವು ಹೇಳಿದಂಗ ಒಂದು ಗಿರಣ್ಯಾಗ ರಾತ್ರಿ ನೋಡಿದೆ. ಸಂಜಿ ಏಳಕ್ಕ ಎಲ್ಲಾ ಬಂದ್ ಮಾಡಿ, 25ರ ಕೆಪಾಸಿಟರ್ ಮಾತ್ರ ಬಿಟ್ಟಿದ್ವಿ. ಮುಂಜಾನೆ `kWh` ಒಂದೂ ಏರಿಲ್ಲ ಅನ್ನಬಹುದು, `kVAh` ಎರಡನೂರರ ಮ್ಯಾಲ ಏರೈತಿ. ಉಳಿದ ಮೂರು ಗಿರಣಿಗೆ ನಾಳಿಂದ ಹೋಗ್ತೀನಿ. ಮೋಟಾರಿಗೊಂದರಂಗ ಹಂಚಬೇಕಾದ್ರ ಹಾಲರ್‌ದ 30 ಎಚ್‌ಪಿ ಮೋಟಾರಿಗೆ ಕೈಯಿಂದ ತಿರುವೋ ಹಳೇ ಎಣ್ಣಿ ಸ್ಟಾರ್-ಡೆಲ್ಟಾ ಐತಿ, ಅದಕ್ಕ ಆಕ್ಸಿಲರಿ ಇಲ್ಲ. ಅಲ್ಲಿ ಹೆಂಗ ಮಾಡ್ಲಿ?

ಪ್ಯಾನೆಲ್ ಕೆಲಸ, ತಾರಿಹಾಳ

ಆ ಹಿಡಿಕಿ ಸ್ಟಾರಿನಿಂದ ಡೆಲ್ಟಾಕ್ಕ ಎಳಿಯುವಾಗ ನಡುವ ಒಂದು ಗಳಿಗಿ ಸಪ್ಲೈ ಕಡೀತೈತಿ. ಕೆಪಾಸಿಟರ್ ಮೋಟಾರಿನ ಜೋಡಿ ಇದ್ರ ತುಂಬಿಕೊಂಡ ಸ್ಥಿತ್ಯಾಗ ಮತ್ತ ಲೈನಿಗೆ ಬಡೀತೈತಿ, ಸ್ಟಾರ್ಟರೂ ಹೋಗ್ತೈತಿ ಪೆಟಗಿನೂ ಹೋಗ್ತೈತಿ. ಅಲ್ಲಿ ಹಾಲರ್ ಓಡಾಕ ಹತ್ತಿದ ಮ್ಯಾಲ ಕೈಯಿಂದ ಒತ್ತೋ ಬ್ಯಾರೇ ಕಾಂಟ್ಯಾಕ್ಟರ್ ಹಾಕ್ರಿ, ಮೋಟಾರಿನ ಸಪ್ಲೈ ಹೋದ್ರ ತಾನ ಬೀಳೋಹಂಗ ಕಾಯಿಲ್ ಕಟ್ರಿ. ಸ್ಟಾರ್ಟರ್ ಒಳಗಿನ ಫೋಟೊ ಒಂದು ಹಾಕ್ರಿ, ವೈರ್ ಎಲ್ಲಿಂದ ತಗೀಬೇಕು ಅಂತ ನೋಡಿ ಹೇಳ್ತೀನಿ.